ಇಟಾಲಿಯನ್ ಅನುವಾದದಲ್ಲಿ ಲುಪ್ತ ಕರ್ತೃ

ವಾಕ್ಯದಲ್ಲಿ ಕರ್ತೃಪದವನ್ನು ಹೇಳದೆ ಕ್ರಿಯಾಪದದ ರೂಪದಿಂದಲೇ ಅದನ್ನು ತಿಳಿಯಲು ಬಿಡುವುದು ಇಟಾಲಿಯನ್ ಭಾಷೆಯ ಸಹಜ ಕ್ರಮ. ಹೀಗೆ ಬಿಟ್ಟ ಕರ್ತೃವನ್ನು ಲುಪ್ತ ಕರ್ತೃ ಎನ್ನುತ್ತಾರೆ. ಇಟಾಲಿಯನ್ನಿನಿಂದ ಇಂಗ್ಲಿಷಿಗೆ ಅನುವಾದಿಸುವವರು ಪ್ರತಿ ಕ್ರಿಯಾಪದಕ್ಕೂ ಒಂದು ಕರ್ತೃವನ್ನು ಬರೆಯಲೇಬೇಕು, ಏಕೆಂದರೆ ಇಂಗ್ಲಿಷಿನ ಸಾಮಾನ್ಯ ವಾಕ್ಯ ಕರ್ತೃವಿಲ್ಲದೆ ನಿಲ್ಲುವುದಿಲ್ಲ. ಕನ್ನಡಕ್ಕೆ ತರುವವರಿಗೆ ಆ ಒತ್ತಾಯವಿಲ್ಲ. ಕನ್ನಡವೂ ಕರ್ತೃವನ್ನು ಧಾರಾಳವಾಗಿ ಬಿಡುತ್ತದೆ. ಆದರೆ ಎರಡೂ ಭಾಷೆಗಳು ಕರ್ತೃವನ್ನು ಬಿಡುತ್ತವೆ ಎಂಬ ಈ ಹೋಲಿಕೆಯೇ ಕನ್ನಡ ಅನುವಾದಕರನ್ನು ಹೆಚ್ಚು ತಪ್ಪಿಸುತ್ತದೆ. ಇಂಗ್ಲಿಷಿಗೆ ತರುವವರು ಪ್ರತಿ ಹೆಜ್ಜೆಯಲ್ಲೂ ‘ಯಾರು?’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಕನ್ನಡಕ್ಕೆ ತರುವವರು ಮೂಲದಲ್ಲಿ ಬಿಟ್ಟಲ್ಲೆಲ್ಲ ತಾವೂ ಬಿಟ್ಟು ಆ ಪ್ರಶ್ನೆಯನ್ನೇ ಕೇಳಿಕೊಳ್ಳದೆ ದಾಟಿಬಿಡುತ್ತಾರೆ. ಇಟಾಲಿಯನ್ ಕ್ರಿಯಾಪದ ಹೇಳುವ ಸಂಗತಿಗಳು ಬೇರೆ, ಕನ್ನಡ ಕ್ರಿಯಾಪದ ಹೇಳುವವು ಬೇರೆ. ಹೀಗಾಗಿ ಒಂದರಲ್ಲಿ ಸ್ಪಷ್ಟವಾಗಿದ್ದ ವಾಕ್ಯ ಇನ್ನೊಂದರಲ್ಲಿ ಮಸುಕಾಗುತ್ತದೆ.

ಕ್ರಿಯಾಪದ ಏನನ್ನು ಹೇಳುತ್ತದೆ

ಇಟಾಲಿಯನ್ನಿನ ವರ್ತಮಾನ ಕಾಲದಲ್ಲಿ ‘ಮಾತಾಡು’ ಎಂಬ ಅರ್ಥದ ಕ್ರಿಯಾಪದಕ್ಕೆ ಆರು ರೂಪಗಳಿವೆ: ಪಾರ್ಲೊ, ಪಾರ್ಲಿ, ಪಾರ್ಲಾ, ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲಾನೊ. ಕ್ರಮವಾಗಿ ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು. ಆರೂ ಬೇರೆ ಬೇರೆಯಾಗಿರುವುದರಿಂದ ಪುರುಷ ಮತ್ತು ವಚನ ತಿಳಿಯಲು ಸರ್ವನಾಮ ಬೇಕಿಲ್ಲ. ಕನ್ನಡದ ಆಖ್ಯಾತ ಪ್ರತ್ಯಯ ಇಷ್ಟಕ್ಕೆ ನಿಲ್ಲದೆ ಲಿಂಗವನ್ನೂ ಹೇಳುತ್ತದೆ. ಪಾರ್ಲಾ ಎಂಬ ಒಂದೇ ರೂಪಕ್ಕೆ ಕನ್ನಡದಲ್ಲಿ ಮಾತಾಡುತ್ತಾನೆ, ಮಾತಾಡುತ್ತಾಳೆ, ಮಾತಾಡುತ್ತದೆ ಎಂಬ ಮೂರು ಆಯ್ಕೆಗಳಿವೆ. ಗೌರವಾರ್ಥದ ‘ಮಾತಾಡುತ್ತಾರೆ’ಯನ್ನು ಸೇರಿಸಿದರೆ ನಾಲ್ಕು. ಕರ್ತೃವನ್ನು ಬರೆಯದಿದ್ದರೂ ಅದರ ಲಿಂಗವನ್ನು ಕನ್ನಡ ಅನುವಾದಕರು ತೀರ್ಮಾನಿಸಲೇಬೇಕು.

ಇಟಾಲಿಯನ್ನಿನಲ್ಲಿ ಲಿಂಗದ ಸುಳಿವು ಸಿಗುವುದು ಮುಖ್ಯವಾಗಿ ಭೂತಕಾಲದ ಸಂಯುಕ್ತ ರೂಪಗಳಲ್ಲಿ. ಅಲ್ಲಿ ‘ಇರು’ ಎಂಬರ್ಥದ ಎಸ್ಸೆರೆ ಸಹಾಯಕ ಕ್ರಿಯಾಪದವಾಗಿ ಬಂದರೆ ಕೃದಂತ ಕರ್ತೃವಿನ ಲಿಂಗ ವಚನಗಳನ್ನು ಅನುಸರಿಸುತ್ತದೆ. ‘ಎ ಅರ್ರಿವಾತೊ’ ಎಂದರೆ ಬಂದನು, ‘ಎ ಅರ್ರಿವಾತಾ’ ಎಂದರೆ ಬಂದಳು. ‘ಹೊಂದಿರು’ ಎಂಬರ್ಥದ ಅವೇರೆ ಸಹಾಯಕವಾಗಿ ಬಂದರೆ ಈ ಸುಳಿವು ಸಿಗದು: ‘ಆ ತೆಲೆಫೊನಾತೊ’ ಎಂಬುದು ಫೋನ್ ಮಾಡಿದನು ಎಂದೂ ಆಗಬಹುದು, ಮಾಡಿದಳು ಎಂದೂ ಆಗಬಹುದು. ಹೊಸಬರು ಮತ್ತೆ ಮತ್ತೆ ಎಡವುವ ಒಂದು ಜಾಗ ಇಲ್ಲಿದೆ. ಅವೇರೆ ಬಂದಾಗಲೂ ಕೃದಂತ ಕೆಲವೊಮ್ಮೆ ಸ್ತ್ರೀಲಿಂಗ ತಾಳುತ್ತದೆ. ಆದರೆ ಆಗ ಅದು ಅನುಸರಿಸುವುದು ಮುಂಚೆ ಬಂದ ಕರ್ಮವನ್ನು, ಕರ್ತೃವನ್ನಲ್ಲ. ‘ಲಾ ವಿಸ್ತಾ’ ಎಂಬ ವಾಕ್ಯದ ಕೊನೆಯ ಆಕಾರವನ್ನು ನೋಡಿ ‘ನೋಡಿದಳು’ ಎಂದು ಬರೆದರೆ ತಪ್ಪಾಗುತ್ತದೆ. ಅಲ್ಲಿ ಸ್ತ್ರೀಲಿಂಗ ನೋಡಲ್ಪಟ್ಟವಳದು. ನೋಡಿದ್ದು ಗಂಡೋ ಹೆಣ್ಣೋ ವಾಕ್ಯ ಹೇಳಿಲ್ಲ. ಆದ್ದರಿಂದ ಕೃದಂತದ ಕೊನೆಯ ಸ್ವರವನ್ನು ನೋಡುವ ಮುನ್ನ ಸಹಾಯಕ ಕ್ರಿಯಾಪದ ಯಾವುದೆಂದು ನೋಡಬೇಕು.

‘ಅವನ’, ‘ಅವಳ’ ಎಂಬರ್ಥದ ಸೂವೊ, ಸೂವಾ ರೂಪಗಳೂ ಇದೇ ಬಗೆಯಲ್ಲಿ ದಾರಿ ತಪ್ಪಿಸುತ್ತವೆ. ಅವು ವಸ್ತುವಿನ ಲಿಂಗವನ್ನು ಅನುಸರಿಸುತ್ತವೆ, ಒಡೆಯರದನ್ನಲ್ಲ. ಚೀಲ ಎಂಬರ್ಥದ ಬೋರ್ಸಾ ಸ್ತ್ರೀಲಿಂಗ ಪದವಾದ್ದರಿಂದ ‘ಲಾ ಸೂವಾ ಬೋರ್ಸಾ’ ಗಂಡಸಿನ ಚೀಲವೂ ಆಗಬಹುದು. ವ್ಯಕ್ತಿ ಗಂಡಸಾದರೂ ಪದ ಸ್ತ್ರೀಲಿಂಗವಾಗಿರುವ ನಾಮಪದಗಳೂ ಇವೆ: ಕಾವಲುಗಾರ ಎಂಬರ್ಥದ ಸೆಂತಿನೆಲ್ಲಾ, ಮಾರ್ಗದರ್ಶಿ ಎಂಬರ್ಥದ ಗ್ವೀದಾ, ಬಲಿಯಾದವರು ಎಂಬರ್ಥದ ವಿತ್ತಿಮಾ. ಯುದ್ಧದ ಕಥೆಯೊಂದರಲ್ಲಿ ಸೆಂತಿನೆಲ್ಲಾ ನಿದ್ದೆಹೋದ ಪ್ರಸಂಗ ಬಂದು, ಮುಂದಿನ ವಾಕ್ಯಗಳಲ್ಲಿ ಕರ್ತೃ ಲುಪ್ತವಾಗಿ ಸ್ತ್ರೀಲಿಂಗದ ಕೃದಂತಗಳೇ ಸಾಲಾಗಿ ಬಂದರೆ, ಕನ್ನಡದಲ್ಲಿ ಸೈನಿಕನೊಬ್ಬ ಎರಡು ಪುಟಗಳ ಕಾಲ ‘ಅವಳು’ ಆಗಿಬಿಡುವ ಅಪಾಯವಿದೆ.

ರೂಪಗಳೇ ಕೂಡಿಹೋಗುವ ಕಡೆಗಳೂ ಇವೆ. ‘ಸೋನೊ’ ಎಂದರೆ ನಾನಿದ್ದೇನೆ, ಅವರಿದ್ದಾರೆ ಎರಡೂ ಹೌದು. ಜೊತೆಗಿರುವ ವಿಶೇಷಣ ಏಕವಚನವೋ ಬಹುವಚನವೋ ನೋಡಿ ತಿಳಿಯಬೇಕು. ‘ಸೋನೊ ಸ್ತಾಂಕಾ’ ಎಂದರೆ ದಣಿದವಳು ನಾನು, ‘ಸೋನೊ ಸ್ತಾಂಕಿ’ ಎಂದರೆ ದಣಿದವರು ಅವರು. ‘ಸೋನೊ ಕ್ವೀ’, ಅಂದರೆ ‘ಇಲ್ಲಿ ಇದ್ದೇನೆ’ ಅಥವಾ ‘ಇದ್ದಾರೆ’ ಎಂಬಲ್ಲಿ ವಾಕ್ಯದೊಳಗೆ ಏನೂ ಆಧಾರವಿಲ್ಲ. ಹಳೆಯ ಗದ್ಯದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಇಂದು ‘ಅವೇವೊ’ ಎಂದರೆ ನನ್ನಲ್ಲಿತ್ತು, ‘ಅವೇವಾ’ ಎಂದರೆ ಅವನಲ್ಲಿ ಅಥವಾ ಅವಳಲ್ಲಿ ಇತ್ತು. ಹತ್ತೊಂಬತ್ತನೆಯ ಶತಮಾನದವರೆಗೆ ಸಾಹಿತ್ಯದ ಭಾಷೆಯಲ್ಲಿ ‘ಅವೇವಾ’ ಎಂಬುದೇ ಉತ್ತಮ ಪುರುಷಕ್ಕೂ ಸಲ್ಲುತ್ತಿತ್ತು. ಅಲೆಸ್ಸಾಂದ್ರೊ ಮಾಂದ್ಸೋನಿ 1827ರಲ್ಲಿ ಪ್ರಕಟಿಸಿದ ‘ಇ ಪ್ರೊಮೆಸ್ಸಿ ಸ್ಪೋಸಿ’ ಕಾದಂಬರಿಯನ್ನು ಫ್ಲಾರೆನ್ಸಿನ ಆಡುಮಾತಿಗೆ ಹೊಂದಿಸಿ ತಿದ್ದಿ 1840–42ರಲ್ಲಿ ಮತ್ತೆ ಹೊರತಂದಾಗ ಓಕಾರಾಂತ ರೂಪವನ್ನು ಆರಿಸಿಕೊಂಡರು. ಪುಸ್ತಕೀಯವಾದ ‘ಎಲ್ಯಿ’ ಎಂಬ ಕರ್ತೃ ಸರ್ವನಾಮವನ್ನು ಬಹಳ ಕಡೆ ತೆಗೆದರು ಅಥವಾ ‘ಲೂಯಿ’ ಎಂದು ಬದಲಿಸಿದರು. ಅದಕ್ಕೂ ಹಿಂದಿನ ಪಠ್ಯವನ್ನು ಅನುವಾದಿಸುವವರು ಆಕಾರಾಂತ ರೂಪ ಕಂಡ ಕೂಡಲೇ ‘ಅವನು’ ಎಂದು ಬರೆಯಬಾರದು.

ಬಿಟ್ಟ ಕರ್ತೃ, ಬರೆದ ಕರ್ತೃ

ಪ್ರಥಮ ಪುರುಷ ಏಕವಚನವೇ ನಿಜವಾದ ಕಷ್ಟದ ಜಾಗ. ನಾನು, ನೀನು ಯಾರೆಂದು ಸನ್ನಿವೇಶ ಹೇಳುತ್ತದೆ. ‘ಅವಳು’ ಎಂಬುದಕ್ಕೆ ಮಾತ್ರ ಕಥೆಯಲ್ಲಿರುವ ಹೆಂಗಸರೆಲ್ಲರೂ ಅಭ್ಯರ್ಥಿಗಳು. ಇಟಾಲಿಯನ್ ಓದುಗರು ಇದನ್ನು ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದನ್ನು ಮರಿಯಾ ನೆಲ್ಲಾ ಕಾರ್ಮಿನಾತಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ 2002ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಪ್ರಯೋಗಗಳ ಮೂಲಕ ಪರಿಶೀಲಿಸಿದರು. ಅವರು ಕಂಡ ಒಲವನ್ನು ಹೀಗೆ ಹೇಳಬಹುದು: ಕರ್ತೃ ಲುಪ್ತವಾಗಿದ್ದರೆ ಓದುಗರ ಮನಸ್ಸು ಹಿಂದಿನ ವಾಕ್ಯದ ಕರ್ತೃವಿನತ್ತ ಹೋಗುತ್ತದೆ. ‘ಲೇಯಿ’ ಅಥವಾ ‘ಲೂಯಿ’ ಎಂದು ಸರ್ವನಾಮವನ್ನು ಬಾಯಿಬಿಟ್ಟು ಹೇಳಿದ್ದರೆ, ಕರ್ತೃವಲ್ಲದ ಇನ್ನೊಬ್ಬರತ್ತ ಹೋಗುತ್ತದೆ.

ಈ ಎರಡನೆಯ ಭಾಗವನ್ನು ಇಂಗ್ಲಿಷಿನ ಮೂಲಕ ಇಟಾಲಿಯನ್ ಕಲಿತವರು ಗಮನಿಸುವುದಿಲ್ಲ. ಇಂಗ್ಲಿಷಿನ ‘ಶಿ’ ಕಡ್ಡಾಯ. ಅದು ಇದ್ದರೆ ವಿಶೇಷವೇನೂ ಇಲ್ಲ. ಇಟಾಲಿಯನ್ನಿನ ‘ಲೇಯಿ’ ಕಡ್ಡಾಯವಲ್ಲ. ಬರೆದಿದ್ದಾರೆಂದರೆ ಅದಕ್ಕೊಂದು ಕಾರಣವಿದೆ. ಸಾಮಾನ್ಯವಾಗಿ ಕರ್ತೃ ಬದಲಾಯಿತು ಎಂದೋ, ‘ಇವಳು ಹೀಗೆ, ಅವಳಾದರೋ ಹಾಗೆ’ ಎಂಬ ವ್ಯತ್ಯಾಸವನ್ನೋ ಅದು ಸೂಚಿಸುತ್ತದೆ. ಅದನ್ನು ಬರೀ ‘ಶಿ’ ಎಂದು ಇಂಗ್ಲಿಷಿಗೆ ತಂದರೆ ಆ ತಿರುವು ಕಾಣೆಯಾಗುತ್ತದೆ. ಅಲ್ಲಿ ಹೆಸರು ಹಾಕುವುದೇ ಸರಿ. ಕನ್ನಡದಲ್ಲಿ ಹೆಸರಿನ ಜೊತೆಗೆ ಅವಧಾರಣೆಯ ಏಕಾರವೋ ‘ಅವಳಾದರೋ’ ಎಂಬಂಥ ರೂಪವೋ ಒದಗುತ್ತದೆ. ಕಾರ್ಮಿನಾತಿ ಕಂಡದ್ದು ಒಲವು, ನಿಯಮವಲ್ಲ. ವಾಕ್ಯದ ವಿಷಯವೇ ಬೇರೆ ಕಡೆ ಎಳೆದರೆ ಓದುಗರು ಅದನ್ನು ಬಿಟ್ಟುಕೊಡುತ್ತಾರೆ, ಲೇಖಕರೂ ಅದನ್ನು ಮೀರಿ ಬರೆಯುತ್ತಾರೆ.

ಇನ್ನೊಂದು ಭದ್ರವಾದ ಆಧಾರವೆಂದರೆ ಕ್ರಿಯಾಪದಕ್ಕೆ ಅಂಟಿಕೊಂಡು ಬರುವ ಕಿರು ಸರ್ವನಾಮಗಳು: ಅವನನ್ನು ಎಂಬುದಕ್ಕೆ ‘ಲೊ’, ಅವಳನ್ನು ಎಂಬುದಕ್ಕೆ ‘ಲಾ’, ಅವನಿಗೆ ‘ಲ್ಯಿ’, ಅವಳಿಗೆ ‘ಲೆ’. ಇವು ಸೂಚಿಸುವ ವ್ಯಕ್ತಿ ಅದೇ ಕ್ರಿಯೆಯ ಕರ್ತೃವಾಗಿರಲು ಸಾಧ್ಯವಿಲ್ಲ. ಕರ್ತೃವೇ ಆಗಿದ್ದರೆ ‘ಸಿ’ ಎಂಬ ಆತ್ಮಾರ್ಥಕ ರೂಪ ಬರುತ್ತಿತ್ತು. ಆದ್ದರಿಂದ ಈ ಕಿರು ಪದಗಳು ಕರ್ತೃ ಯಾರಲ್ಲ ಎಂಬುದನ್ನು ಹೇಳುತ್ತವೆ. ಇಬ್ಬರೇ ಇರುವ ದೃಶ್ಯದಲ್ಲಿ ಅಷ್ಟು ಸಾಕು.

ಕರ್ತೃ ಲುಪ್ತವಾಗಿದೆ ಎಂದು ಭಾವಿಸುವ ಮುನ್ನ ಅದು ಕ್ರಿಯಾಪದದ ಆಚೆ ಕುಳಿತಿಲ್ಲವೇ ಎಂದೂ ನೋಡಬೇಕು. ‘ಲಾ ವಿಸ್ತಾ ಪಾವ್ಲೊ’ ಎಂಬಲ್ಲಿ ಪಾವ್ಲೊ ಕೊನೆಯಲ್ಲಿದ್ದರೂ ಕರ್ತೃ ಅವನೇ: ಅವಳನ್ನು ನೋಡಿದ್ದು ಪಾವ್ಲೊ. ಇಂಗ್ಲಿಷ್ ಪದಕ್ರಮದ ಅಭ್ಯಾಸದಲ್ಲಿ ಓದಿದವರು ಯಾರೋ ಪಾವ್ಲೊನನ್ನು ನೋಡಿದರು ಎಂದು ಬಗೆಯುತ್ತಾರೆ. ಇಂಥಲ್ಲಿ ಕನ್ನಡದ ವಿಭಕ್ತಿ ಪ್ರತ್ಯಯ ದೊಡ್ಡ ಅನುಕೂಲ. ‘ಅವಳನ್ನು ನೋಡಿದ್ದು ಪಾವ್ಲೊ’ ಎಂದು ಮೂಲದ ಕ್ರಮವನ್ನೂ ಒತ್ತನ್ನೂ ಹಾಗೆಯೇ ಉಳಿಸಬಹುದು.

ಒಂದು ಉದಾಹರಣೆ, ವಾಕ್ಯ ವಾಕ್ಯವಾಗಿ

ಇಬ್ಬರು ಹೆಂಗಸರಿರುವ ಐದು ವಾಕ್ಯಗಳನ್ನು ಈ ಲೇಖನಕ್ಕಾಗಿ ಹೆಣೆದು ನೋಡೋಣ. ಇಬ್ಬರೂ ಹೆಂಗಸರಾದ್ದರಿಂದ ಲಿಂಗದ ಸುಳಿವು ಇಲ್ಲಿ ಕೆಲಸಕ್ಕೆ ಬಾರದು.

ಜೂಲಿಯಾ ಆ ಇಂಕೊಂತ್ರಾತೊ ಕಾರ್ಲಾ ಅಲ್ಲಾ ಸ್ತಾತ್ಸಿಯೋನೆ. ಎರಾ ಅಪ್ಪೇನಾ ತೊರ್ನಾತಾ ದಾ ತೊರೀನೊ ಎ ನೊನ್ ಅವೇವಾ ವೋಲ್ಯಾ ದಿ ಪಾರ್ಲಾರೆ. ಲೇಯಿ ಲೆ ಆ ಪ್ರೇಸೊ ಲಾ ವಲೀಜಾ ಎ ಲಾ ಪೊರ್ತಾತಾ ಆ ಕಾಸಾ ಸೂವಾ. ನೊನ್ ಆ ದೆತ್ತೊ ನಿಯೆಂತೆ ಅಲ್ ಮಾರೀತೊ, ಕೆ ದೊರ್ಮೀವಾ. ಲಾ ಮತ್ತೀನಾ ದೋಪೊ ಎ ಪಾರ್ತೀತಾ ಸೆಂತ್ಸಾ ಸಲುತಾರೆ.

ಮೂಲದಲ್ಲಿ ಇಲ್ಲದ ಕರ್ತೃವನ್ನು ಸೇರಿಸದೆ ಅರ್ಥ ಹೇಳಿದರೆ: ಜೂಲಿಯಾ ನಿಲ್ದಾಣದಲ್ಲಿ ಕಾರ್ಲಾಳನ್ನು ಭೇಟಿಯಾದಳು. ಆಗಷ್ಟೇ ತೊರೀನೊದಿಂದ ಮರಳಿದ್ದಳು, ಮಾತಾಡುವ ಮನಸ್ಸಿರಲಿಲ್ಲ. ‘ಲೇಯಿ’ ಪೆಟ್ಟಿಗೆ ತೆಗೆದುಕೊಂಡು ಮನೆಗೆ ಕರೆದುಕೊಂಡು ಹೋದಳು. ಮಲಗಿದ್ದ ಗಂಡನಿಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹೇಳದೆ ಹೊರಟುಹೋದಳು.

ತೊರೀನೊದಿಂದ ಮರಳಿದವಳು ಯಾರು? ಕೃದಂತ ಸ್ತ್ರೀಲಿಂಗದಲ್ಲಿದೆ, ಆದರೆ ಇಬ್ಬರಿಗೂ ಸಲ್ಲುತ್ತದೆ. ಕರ್ತೃ ಲುಪ್ತ, ಹಿಂದಿನ ವಾಕ್ಯದ ಕರ್ತೃ ಜೂಲಿಯಾ. ಸದ್ಯಕ್ಕೆ ಜೂಲಿಯಾ ಎಂದಿಟ್ಟುಕೊಂಡು ಮುಂದೆ ಓದಬೇಕು. ಇದನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದಿಡುವುದು ಒಳ್ಳೆಯ ಪದ್ಧತಿ, ಏಕೆಂದರೆ ಈ ಊಹೆ ಸರಿಯೋ ತಪ್ಪೋ ತಿಳಿಯುವುದು ಮುಂದಿನ ವಾಕ್ಯದಲ್ಲಿ. ಮೂರನೆಯ ವಾಕ್ಯ ‘ಲೇಯಿ’ ಎಂದು ತೊಡಗುತ್ತದೆ. ಬರೆದ ಸರ್ವನಾಮ ಕರ್ತೃ ಬದಲಾದುದನ್ನು ಸೂಚಿಸುತ್ತದೆ, ಅಂದರೆ ಈಗ ಕಾರ್ಲಾ. ಹಿಂದೆಯೇ ಬಂದ ‘ಲೆ’ ಎಂಬುದು ‘ಅವಳಿಂದ’ ಪೆಟ್ಟಿಗೆಯನ್ನು ತೆಗೆದುಕೊಂಡದ್ದನ್ನು ಹೇಳುತ್ತದೆ. ಕರ್ತೃ ಕಾರ್ಲಾ ಆದರೆ ‘ಲೆ’ ಜೂಲಿಯಾ. ಪೆಟ್ಟಿಗೆ ಇರುವುದು ಪ್ರಯಾಣದಿಂದ ಬಂದವಳ ಕೈಯಲ್ಲಿ. ಹೀಗೆ ಎರಡನೆಯ ವಾಕ್ಯದ ಊಹೆಗೆ ಮೂರನೆಯದು ಬೆಂಬಲ ಕೊಟ್ಟಿತು. ‘ಲಾ ಪೊರ್ತಾತಾ’ ಎಂಬಲ್ಲಿನ ಸ್ತ್ರೀಲಿಂಗ ಕರ್ಮದ್ದು, ಜೂಲಿಯಾಳದು. ‘ಕಾಸಾ ಸೂವಾ’ ಯಾರ ಮನೆ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ.

ನಾಲ್ಕನೆಯ ವಾಕ್ಯದಲ್ಲಿ ಕರ್ತೃ ಮತ್ತೆ ಲುಪ್ತ. ಈಗಿನ ಕರ್ತೃ ಕಾರ್ಲಾ, ಅದೇ ಮುಂದುವರಿಯುತ್ತದೆ. ‘ಅಲ್ ಮಾರೀತೊ’ ಎಂದಷ್ಟೇ ಇದೆ, ಯಾರ ಗಂಡ ಎಂದಿಲ್ಲ. ಇಟಾಲಿಯನ್ ಇಂಥ ಹತ್ತಿರದ ಸಂಬಂಧಗಳಲ್ಲಿ ಬರೀ ನಿರ್ದೇಶಕ ಗುಣವಾಚಿಯನ್ನು ಇಟ್ಟರೆ ಆ ಗಂಡ ಸಾಮಾನ್ಯವಾಗಿ ಕರ್ತೃವಿನ ಗಂಡ. ಕಾರ್ಲಾಳ ಗಂಡ ಆ ಮನೆಯಲ್ಲಿ ಮಲಗಿದ್ದಾನೆ, ಆದ್ದರಿಂದ ಅದು ಕಾರ್ಲಾಳ ಮನೆ. ಹಿಂದಿನ ವಾಕ್ಯದಲ್ಲಿ ಬಾಕಿ ಉಳಿದಿದ್ದ ‘ಸೂವಾ’ ಇಲ್ಲಿ ತೀರ್ಮಾನವಾಯಿತು.

ಐದನೆಯ ವಾಕ್ಯ ಎಲ್ಲಕ್ಕಿಂತ ಕಠಿಣ. ಲುಪ್ತ ಕರ್ತೃ ಹಿಂದಿನ ಕರ್ತೃವಿನತ್ತ, ಅಂದರೆ ಕಾರ್ಲಾಳತ್ತ ಕೈತೋರಿಸುತ್ತದೆ. ಆದರೆ ಬೆಳಿಗ್ಗೆ ಎದ್ದು ಹೇಳದೆ ಹೊರಡುವವಳು ಅತಿಥಿ. ಮನೆಯಾಕೆ ತನ್ನ ಮನೆಯಿಂದ ಹಾಗೆ ಹೊರಡುವುದು ಅಪರೂಪ. ಒಲವು ಒಂದು ಕಡೆ, ಕಥೆ ಇನ್ನೊಂದು ಕಡೆ. ಇಟಾಲಿಯನ್ ಓದುಗರು ಕಥೆಯ ಬಲದಿಂದ ಜೂಲಿಯಾ ಎಂದು ತಿಳಿಯುತ್ತಾರೆ. ‘ಮರುದಿನ ಬೆಳಿಗ್ಗೆ’ ಎಂಬ ಕಾಲದ ಜಿಗಿತವೂ ಹಳೆಯ ಕರ್ತೃವಿನ ಹಿಡಿತವನ್ನು ಸಡಿಲಿಸುತ್ತದೆ. ಅನುವಾದಕರು ಈ ತೀರ್ಮಾನವನ್ನು ಮುಂದಿನ ಪುಟದಲ್ಲಿ ಪರೀಕ್ಷಿಸಬೇಕು. ಅಲ್ಲಿ ಜೂಲಿಯಾ ಕಾಫಿ ಮಾಡುತ್ತಾ ಖಾಲಿ ಮನೆಯಲ್ಲಿ ಕಂಡುಬಂದರೆ ಹೊರಟವಳು ಕಾರ್ಲಾ ಎಂದು ತಿದ್ದಿಕೊಳ್ಳಬೇಕಾಗುತ್ತದೆ.

ಈಗ ಕನ್ನಡಕ್ಕೆ ತರುವಾಗ ಏನಾಗುತ್ತದೆ ನೋಡಿ. ಮೊದಲ ವಾಕ್ಯಕ್ಕೆ ನಮ್ಮ ನಾಲಿಗೆಗೆ ಸುಲಭವಾಗಿ ಬರುವುದು ‘ನಿಲ್ದಾಣದಲ್ಲಿ ಜೂಲಿಯಾಗೆ ಕಾರ್ಲಾ ಸಿಕ್ಕಳು’ ಎಂಬ ರೂಪ. ಒಳ್ಳೆಯ ಕನ್ನಡ, ಅರ್ಥವೂ ಸರಿ. ಆದರೆ ಇಲ್ಲಿ ಪ್ರಥಮಾ ವಿಭಕ್ತಿಯಲ್ಲಿರುವವಳು ಕಾರ್ಲಾ, ‘ಸಿಕ್ಕಳು’ ಒಪ್ಪಿಕೊಳ್ಳುವುದೂ ಅವಳನ್ನೇ. ಮುಂದಿನ ವಾಕ್ಯದಲ್ಲಿ ಕರ್ತೃ ಬಿಟ್ಟು ‘ಆಗಷ್ಟೇ ತೊರೀನೊದಿಂದ ಮರಳಿದ್ದಳು’ ಎಂದರೆ ಕನ್ನಡ ಓದುಗರಿಗೆ ಮರಳಿದವಳು ಕಾರ್ಲಾ ಎಂದೇ ತೋರುತ್ತದೆ. ಒಂದು ವಾಕ್ಯದಲ್ಲಿ ಸಹಜತೆಗಾಗಿ ಕ್ರಿಯಾಪದ ಬದಲಿಸಿದ್ದರಿಂದ ಮುಂದಿನ ವಾಕ್ಯದ ಲುಪ್ತ ಕರ್ತೃವೇ ಬದಲಾಯಿತು. ಸಿಗು, ಕಾಣಿಸು, ಇಷ್ಟವಾಗು, ಗೊತ್ತಾಗು, ನೆನಪಾಗು ಮುಂತಾದ ಚತುರ್ಥಿ ಬೇಡುವ ಕ್ರಿಯಾಪದಗಳು ಕನ್ನಡದ ಜೀವಾಳ. ಅವನ್ನು ಬಳಸಬಾರದು ಎಂದಲ್ಲ. ಬಳಸಿದ ಕೂಡಲೇ ಮುಂದಿನ ವಾಕ್ಯದಲ್ಲಿ ಹೆಸರು ಹೇಳಬೇಕಾಗುತ್ತದೆ ಎಂಬುದು ನೆನಪಿರಬೇಕು.

ಇಡೀ ಭಾಗ ಹೀಗೆ ಬರಬಹುದು: ‘ಜೂಲಿಯಾ ನಿಲ್ದಾಣದಲ್ಲಿ ಕಾರ್ಲಾಳನ್ನು ಭೇಟಿಯಾದಳು. ಆಗಷ್ಟೇ ತೊರೀನೊದಿಂದ ಬಂದಿಳಿದಿದ್ದ ಜೂಲಿಯಾಗೆ ಮಾತಾಡುವ ಮನಸ್ಸಿರಲಿಲ್ಲ. ಕಾರ್ಲಾಳೇ ಅವಳ ಪೆಟ್ಟಿಗೆ ಎತ್ತಿಕೊಂಡು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಮಲಗಿದ್ದ ಗಂಡನಿಗೆ ಅವಳು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಜೂಲಿಯಾ ಹೋಗಿಬರುತ್ತೇನೆಂದು ಸಹ ಹೇಳದೆ ಹೊರಟುಹೋದಳು.’ ಮೂಲದಲ್ಲಿ ಒಮ್ಮೆ ಬಂದ ಜೂಲಿಯಾಳ ಹೆಸರು ಇಲ್ಲಿ ಮೂರು ಸಲ ಬಂದಿದೆ. ‘ತನ್ನ’ ಎಂಬುದು ಕರ್ತೃವನ್ನೇ ಹಿಡಿಯುವುದರಿಂದ ‘ಸೂವಾ’ ಉಳಿಸಿದ್ದ ಸಂದೇಹ ಕನ್ನಡದಲ್ಲಿ ಉಳಿಯಲಿಲ್ಲ. ಇಂಗ್ಲಿಷಿನಲ್ಲಿ ‘ಹರ್ ಹೌಸ್’ ಎಂದರೆ ಸಂದೇಹ ಹಾಗೇ ಇರುತ್ತದೆ, ‘ಹರ್ ಓನ್ ಹೌಸ್’ ಎನ್ನಬೇಕು. ಇಂಗ್ಲಿಷ್ ರೂಪದಲ್ಲೂ ಎರಡನೆಯ, ಮೂರನೆಯ, ಐದನೆಯ ವಾಕ್ಯಗಳಲ್ಲಿ ‘ಶಿ’ ಬದಲು ಹೆಸರೇ ಬೇಕಾಗುತ್ತದೆ.

ಕನ್ನಡ ಕ್ರಿಯಾಪದ ಮೌನವಾಗುವ ಕಡೆ

ಮೇಲಿನ ಭಾಗದಲ್ಲಿ ‘ಮನಸ್ಸಿರಲಿಲ್ಲ’, ‘ಹೇಳಲಿಲ್ಲ’ ಎಂಬ ಎರಡು ನಿಷೇಧ ರೂಪಗಳು ಬಂದವು. ಇಟಾಲಿಯನ್ ಅನುವಾದದಲ್ಲಿ ಕನ್ನಡದ ನಿಷೇಧಕ್ಕೆ ಪ್ರತ್ಯೇಕ ಎಚ್ಚರ ಬೇಕು. ಇಟಾಲಿಯನ್ನಿನಲ್ಲಿ ‘ನೊನ್’ ಸೇರಿಸಿದರೂ ಕ್ರಿಯಾಪದದ ಪುರುಷ ವಚನ ಹಾಗೆಯೇ ಇರುತ್ತವೆ: ‘ನೊನ್ ಸೋನೊ ವೆನೂತಾ’, ‘ನೊನ್ ಸೇಯಿ ವೆನೂತಾ’, ‘ನೊನ್ ಎ ವೆನೂತಾ’. ಕನ್ನಡದಲ್ಲಿ ಈ ಮೂರಕ್ಕೂ ‘ಬರಲಿಲ್ಲ’ ಒಂದೇ ರೂಪ. ನಾನೋ ನೀನೋ ಅವಳೋ ಅವರೋ, ಏನೂ ತಿಳಿಯದು. ಹಳಗನ್ನಡದ ನಿಷೇಧದಲ್ಲಿ ಬಾರೆನ್, ಬಾರಯ್, ಬಾರಳ್ ಎಂದು ಪ್ರತ್ಯಯಗಳು ಉಳಿದಿದ್ದವು. ಇಂದಿನ ರೂಪದಲ್ಲಿ ಅವಿಲ್ಲ. ಆದ್ದರಿಂದ ಮೂಲದಲ್ಲಿ ಕರ್ತೃ ಲುಪ್ತವಾಗಿದ್ದು ವಾಕ್ಯ ನಿಷೇಧಾರ್ಥಕವಾಗಿದ್ದರೆ ಕನ್ನಡದಲ್ಲಿ ಸರ್ವನಾಮವನ್ನು ಬರೆಯುವುದೇ ಮೊದಲ ಆಯ್ಕೆಯಾಗಬೇಕು. ಅದಿಲ್ಲದೆಯೂ ಸ್ಪಷ್ಟವಾಗಿದೆ ಎಂದು ಖಚಿತವಾದ ಮೇಲೆ ಬಿಡಬಹುದು.

‘ಬೇಕು’, ‘ಬಹುದು’, ‘ಬಾರದು’ ಸೇರಿದ ರೂಪಗಳದೂ ‘ಬಂದರೆ’ ಎಂಬ ಷರತ್ತಿನ ರೂಪದ್ದೂ ಇದೇ ಸ್ಥಿತಿ. ‘ದೇವೊ ಪಾರ್ತಿರೆ’, ‘ದೇವೆ ಪಾರ್ತಿರೆ’ ಎಂಬೆರಡೂ ‘ಹೊರಡಬೇಕು’. ಸಂಭಾಷಣೆಯಲ್ಲಿ ಇದು ಬೇಗ ಗಂಟಾಗುತ್ತದೆ. ಯಾರು ಹೊರಡಬೇಕು ಎಂಬುದೇ ಜಗಳದ ವಿಷಯವಾಗಿರುವ ದೃಶ್ಯದಲ್ಲಿ ಇಟಾಲಿಯನ್ ಮಾತು ಒಂದು ಸ್ವರದಿಂದ ತಿಳಿಸಿದ್ದನ್ನು ಕನ್ನಡ ‘ನಾನು’, ‘ಅವನು’ ಎಂದು ಬಿಡಿಸಿ ಹೇಳಬೇಕು.

ಗೌರವ ರೂಪ ಇನ್ನೊಂದು ಬಗೆಯ ಮೌನವನ್ನು ತರುತ್ತದೆ. ಪ್ರೊಫೆಸರರನ್ನು ಕನ್ನಡದಲ್ಲಿ ‘ಬಂದರು’ ಎನ್ನುವುದು ಮರ್ಯಾದೆ. ಆದರೆ ಅದೇ ದೃಶ್ಯದಲ್ಲಿ ಹಲವು ವಿದ್ಯಾರ್ಥಿಗಳಿದ್ದರೆ ಅವರೂ ‘ಬಂದರು’. ಇಟಾಲಿಯನ್ ಏಕವಚನ ಬಹುವಚನಗಳಿಂದ ಬೇರ್ಪಡಿಸಿದ್ದನ್ನು ಕನ್ನಡದ ಮರ್ಯಾದೆ ಒಂದು ಮಾಡಿಬಿಡುತ್ತದೆ; ಪ್ರೊಫೆಸರ್ ಹೆಂಗಸಾದರೆ ಅದೂ ಮರೆಯಾಗುತ್ತದೆ. ಗೌರವವನ್ನು ಕೈಬಿಡುವುದು ಪರಿಹಾರವಲ್ಲ. ಹೆಚ್ಚು ಸಲ ‘ಪ್ರೊಫೆಸರರು’, ‘ಹುಡುಗರು’ ಎಂದು ನಾಮಪದವನ್ನೇ ಬಳಸಿದರೆ ತೊಂದರೆ ನೀಗುತ್ತದೆ.

ಮಧ್ಯಮ ಪುರುಷದಲ್ಲೂ ಗೌರವದ ತೊಡಕಿದೆ. ಇಟಾಲಿಯನ್ನಿನ ಗೌರವಾರ್ಥದ ‘ಲೇಯಿ’ ಪ್ರಥಮ ಪುರುಷ ಏಕವಚನದ ಕ್ರಿಯಾಪದವನ್ನೇ ತೆಗೆದುಕೊಳ್ಳುತ್ತದೆ. ಸರ್ವನಾಮ ಬಿಟ್ಟಾಗ ‘ಆ ರಿಚೆವೂತೊ ಲಾ ಲೆತ್ತೆರಾ?’ ಎಂಬ ಪ್ರಶ್ನೆ ‘ನಿಮಗೆ ಪತ್ರ ತಲುಪಿತೆ?’ ಎಂದಾಗಬಹುದು, ‘ಅವನಿಗೆ ತಲುಪಿತೆ?’ ಎಂದೂ ಆಗಬಹುದು. ಸಂಬೋಧನೆ ಇದೆಯೇ, ಪತ್ರದ ಉಳಿದ ಭಾಗದಲ್ಲಿ ದೊಡ್ಡ ಅಕ್ಷರದಿಂದ ಬರೆದ ‘ಲಾ’, ‘ಲೆ’ ಕಾಣುತ್ತವೆಯೇ ಎಂದು ನೋಡಬೇಕು. 1938ರಲ್ಲಿ ಫ್ಯಾಸಿಸ್ಟ್ ಸರ್ಕಾರ ಈ ‘ಲೇಯಿ’ಯನ್ನು ನಿಷೇಧಿಸಿ ‘ವೋಯಿ’ ಬಳಸುವಂತೆ ವಿಧಿಸಿತ್ತು. ಆ ಕಾಲದ ಬರಹದಲ್ಲೂ ದಕ್ಷಿಣ ಇಟಲಿಯ ಮಾತಿನಲ್ಲೂ ಬಹುವಚನದ ಕ್ರಿಯಾಪದ ಒಬ್ಬರೇ ವ್ಯಕ್ತಿಯನ್ನು ಉದ್ದೇಶಿಸಿರಬಹುದು. ಕನ್ನಡದ ‘ನೀವು’ ಅದಕ್ಕೆ ಸರಿಯಾಗಿ ಒಪ್ಪುತ್ತದೆ.

ಮಾತಿನೊಳಗಿನ ಮಾತು

ಯಾರೋ ಯಾರಿಗೋ ಏನೋ ಹೇಳಿದರು ಎಂಬ ವಾಕ್ಯಗಳಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಒಂದು ಸಾಧನವಿದೆ. ಕಾರ್ಲಾ ಜೂಲಿಯಾಗೆ ‘ಕೆ ಎರಾ ಸ್ತಾಂಕಾ’ ಎಂದಳು ಎಂಬಲ್ಲಿ ದಣಿದವಳು ಸಾಮಾನ್ಯವಾಗಿ ಹೇಳಿದವಳೇ. ಇಂಗ್ಲಿಷಿನ ‘ಶಿ’ ಇಬ್ಬರಿಗೂ ಹೊಂದುತ್ತದೆ. ‘ತನಗೆ ಆಯಾಸವಾಗಿದೆ ಎಂದು ಕಾರ್ಲಾ ಜೂಲಿಯಾಗೆ ಹೇಳಿದಳು’ ಎಂದರೆ ಕನ್ನಡದಲ್ಲಿ ಯಾವ ಗೊಂದಲವೂ ಇಲ್ಲ. ‘ತಾನು’ ಹೇಳಿದವಳನ್ನು ಹಿಡಿದು ನಿಲ್ಲುತ್ತದೆ.

ಇಚ್ಛೆ, ಅನುಮಾನಗಳನ್ನು ಹೇಳುವ ಸಬ್ಜಂಕ್ಟಿವ್ ರೂಪದಲ್ಲಿ ಮಾತ್ರ ಇಟಾಲಿಯನ್ ತನ್ನ ಸ್ಪಷ್ಟತೆಯನ್ನು ಕಳೆದುಕೊಳ್ಳುತ್ತದೆ. ವರ್ತಮಾನದಲ್ಲಿ ಏಕವಚನದ ಮೂರೂ ಪುರುಷಗಳಿಗೆ ಒಂದೇ ರೂಪ. ‘ಕಾರ್ಲಾ ವುವೊಲೆ ಕೆ ಪಾರ್ತಾ’ ಎಂದರೆ ಕಾರ್ಲಾಳ ಬಯಕೆ ನಾನು ಹೊರಡಲಿ ಎಂದೋ, ಅವನು ಅಥವಾ ಇನ್ನೊಬ್ಬಳು ಹೊರಡಲಿ ಎಂದೋ. ‘ನೀನು’ ಎಂಬ ಅರ್ಥ ಬೇಕಾದಾಗ ಇಟಾಲಿಯನ್ನರು ‘ತೂ’ ಎಂಬ ಸರ್ವನಾಮವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಅರ್ಥವನ್ನು ಮಾತ್ರ ಖಚಿತವಾಗಿ ಕಳೆಯಬಹುದು: ಹೊರಡುವವಳು ಕಾರ್ಲಾ ಅಲ್ಲ. ಅವಳೇ ಆಗಿದ್ದರೆ ‘ವುವೊಲೆ ಪಾರ್ತಿರೆ’ ಎಂದು ತುಮುನ್ನಂತದಂಥ ರೂಪ ಬರುತ್ತಿತ್ತು. ಹೀಗಿರುವಾಗ ‘ಕಾರ್ಲಾ ಹೊರಡಬೇಕೆಂದಿದ್ದಾಳೆ’ ಎಂದು ಕನ್ನಡಿಸಿದರೆ ಮೂಲ ಯಾರನ್ನು ಹೊರಗಿಟ್ಟಿತ್ತೋ ಅವಳನ್ನೇ ಕರ್ತೃ ಮಾಡಿದಂತಾಗುತ್ತದೆ. ‘ನಾನು ಹೊರಡಬೇಕೆಂದು ಕಾರ್ಲಾ ಬಯಸುತ್ತಾಳೆ’ ಎಂಬುದೂ ಪೂರ್ತಿ ನಿರಾಳವಲ್ಲ, ಏಕೆಂದರೆ ‘ಎಂದು’ ಎಂಬುದಕ್ಕೆ ಮುಂಚೆ ಬಂದ ‘ನಾನು’ ಕಾರ್ಲಾಳ ಬಾಯಿಯ ಮಾತೂ ಆಗಬಹುದು. ‘ನಾನು ಹೊರಡಲಿ ಎಂಬುದು ಕಾರ್ಲಾಳ ಇಷ್ಟ’ ಎಂಬ ರೂಪ ಈ ಸಂದೇಹಕ್ಕೆ ಎಡೆಗೊಡುವುದಿಲ್ಲ.

‘ಮಾಂಕಾರೆ’ ಎಂಬ ಕ್ರಿಯಾಪದವನ್ನು ಇಲ್ಲಿ ಹೇಳಲೇಬೇಕು. ಪ್ರೇಮಪತ್ರಗಳಿರುವ ಪ್ರತಿ ಪುಸ್ತಕದಲ್ಲೂ ಅದು ಸಿಗುತ್ತದೆ. ‘ಲೆ ಮಾಂಕಾ’ ಎಂಬಲ್ಲಿ ಹಂಬಲಿಸುವವಳು ಚತುರ್ಥಿಯಲ್ಲಿದ್ದಾಳೆ, ಲುಪ್ತವಾಗಿರುವ ಕರ್ತೃ ದೂರವಿರುವ ವ್ಯಕ್ತಿ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗಾಗಿ ಹಂಬಲಿಸುವವಳೇ ಕರ್ತೃವಾಗುತ್ತಾಳೆ. ಇಂಗ್ಲಿಷ್ ಅನುವಾದದ ಮೂಲಕ ಕನ್ನಡಕ್ಕೆ ಬರುವಾಗ ಇನ್ನೊಮ್ಮೆ ತಿರುಗಿ ಯಾರು ಯಾರಿಗಾಗಿ ಹಂಬಲಿಸಿದರು ಎಂಬುದೇ ಅದಲುಬದಲಾಗುವ ಸಂಭವ ಹೆಚ್ಚು. ಮೂಲದಿಂದ ನೇರವಾಗಿ ‘ಅವನಿಲ್ಲದ್ದು ಅವಳನ್ನು ಕಾಡುತ್ತದೆ’ ಎಂದರೆ ಇಟಾಲಿಯನ್ ರಚನೆಗೆ ಕನ್ನಡವೇ ಹೆಚ್ಚು ಹತ್ತಿರವಾಗುತ್ತದೆ.

ಕರ್ತೃ ಬೇಡವಾದಾಗ

ಎಲ್ಲ ಲುಪ್ತ ಕರ್ತೃಗಳನ್ನೂ ಹುಡುಕಬೇಕಿಲ್ಲ. ‘ಪಿಯೊವೆ’ ಎಂದರೆ ಮಳೆ ಬರುತ್ತಿದೆ, ಅಷ್ಟೇ. ‘ಮಿ ಆನ್ನೊ ರುಬಾತೊ ಲಾ ಬೀಚಿ’ ಎಂಬಲ್ಲಿ ಕ್ರಿಯಾಪದ ಬಹುವಚನದಲ್ಲಿದ್ದರೂ ಕಳ್ಳರು ಹಲವರು ಎಂದರ್ಥವಲ್ಲ. ‘ನನ್ನ ಸೈಕಲ್ ಕದ್ದಿದ್ದಾರೆ’ ಎಂದು ಕನ್ನಡ ಹಾಗೆಯೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗ ಬೇಕಾಗುತ್ತದೆ. ‘ದೇ’ ಎಂದರೆ ಯಾರೋ ಗೊತ್ತಿರುವ ಗುಂಪಿನಂತೆ ಕೇಳಿಸುತ್ತದೆ.

ಲೇಖಕರು ಬೇಕೆಂದೇ ಮರೆಮಾಡಿದ ಕರ್ತೃ ಮಾತ್ರ ಬೇರೆ ಸಂಗತಿ. ಪತ್ತೇದಾರಿ ಕಥೆಯ ಮೊದಲ ಪುಟದಲ್ಲಿ ಬಾಗಿಲು ತೆರೆದ, ದೀಪ ಆರಿಸಿದ, ಕಾಗದ ಸುಟ್ಟ ಕೈ ಯಾರದೆಂದು ಹೇಳಬಾರದು. ಇಟಾಲಿಯನ್ ಲೇಖಕರು ಅವೇರೆ ಸಹಾಯಕವಿರುವ ಕ್ರಿಯಾಪದಗಳನ್ನೇ ಆರಿಸಿಕೊಂಡರೆ ಕರ್ತೃವಿನ ಹೆಸರಷ್ಟೇ ಅಲ್ಲ, ಲಿಂಗವೂ ಕೊನೆಯವರೆಗೆ ಗುಟ್ಟಾಗಿ ಉಳಿಯುತ್ತದೆ. ಇಂಗ್ಲಿಷ್ ‘ಹಿ’ ಅಥವಾ ‘ಶಿ’ ಬರೆದ ಕ್ಷಣವೇ ಗುಟ್ಟು ಅರ್ಧ ಒಡೆಯುತ್ತದೆ. ಏಕವಚನಾರ್ಥದ ‘ದೇ’ ಅಥವಾ ‘ಆಕೃತಿ’ ಎಂಬರ್ಥದ ನಾಮಪದ ಅಲ್ಲಿ ನೆರವಿಗೆ ಬರುತ್ತದೆ. ಕನ್ನಡದ ಕ್ರಿಯಾಪದವೂ ‘ತೆರೆದನು’, ‘ತೆರೆದಳು’ ಎಂದು ಹೇಳದೆ ಬಿಡುವುದಿಲ್ಲ. ಇಲ್ಲಿ ‘ಯಾರೋ ಬಾಗಿಲು ತೆರೆದರು’ ಎಂದು ತೊಡಗಿ ಬಹುವಚನದಲ್ಲೇ ಮುಂದುವರಿಸಬಹುದು, ಆದರೆ ಓದುಗರು ಬಂದವರು ಹಲವರೆಂದು ತಿಳಿಯದಂತೆ ಬೇಗನೆ ‘ಒಬ್ಬರೇ’ ಎಂಬ ಮಾತು ಬರಬೇಕು. ಇಲ್ಲವೇ ಕ್ರಿಯೆಯನ್ನು ಕೈಗೆ, ಹೆಜ್ಜೆಗೆ, ನೆರಳಿಗೆ ಒಪ್ಪಿಸಬಹುದು: ಕೈ ದೀಪ ಆರಿಸಿತು, ಹೆಜ್ಜೆ ಮೆಟ್ಟಿಲಿಳಿಯಿತು. ‘ತೆರೆಯಲಾಯಿತು’, ‘ಸುಡಲಾಯಿತು’ ಎಂಬ ಕರ್ಮಣಿ ರೂಪವೂ ಲಿಂಗವನ್ನು ಮರೆಮಾಡುತ್ತದೆಯಾದರೂ ಅದು ಕಚೇರಿಯ ವರದಿಯ ಧ್ವನಿ. ಕೊಲೆಯ ರಾತ್ರಿಯ ವರ್ಣನೆಗೆ ಅದನ್ನು ಎರಡಕ್ಕಿಂತ ಹೆಚ್ಚು ವಾಕ್ಯಗಳಲ್ಲಿ ಬಳಸಿದರೆ ಗದ್ಯ ಸತ್ತುಹೋಗುತ್ತದೆ. ನಪುಂಸಕಲಿಂಗದ ಕೈ, ನೆರಳುಗಳ ದಾರಿಯೇ ಇಲ್ಲಿ ಹೆಚ್ಚು ದೂರ ಸಾಗುತ್ತದೆ, ಕಥೆಯ ಕೊನೆಯಲ್ಲಿ ಹೆಸರು ಬಯಲಾದಾಗ ಅದು ಹಿಂದಿನ ಯಾವ ವಾಕ್ಯವನ್ನೂ ಸುಳ್ಳಾಗಿಸುವುದಿಲ್ಲ.